ಎಡಗಾಲಿನ ಪ್ಯಾಂಟಿನ ಮಡಿಕೆ

ಸುರೇಖಾ ಫೋಟೋ ಸ್ಟುಡಿಯೋ ಇಡುವ ಮೊದಲು ಒಂಬತ್ತು ವರ್ಷ ಪ್ಯಾಂಟು ಹೊಲಿದವಳು. ಕಾರಟಗಿಯ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಜಿಲಾನಸಾಬ ಮಾಸ್ತರರ ಟೇಲರಿಂಗ್ ಅಂಗಡಿ. ಅವಳ ತಾಯಿ ಫಕೀರಮ್ಮ ಭತ್ತದ ನಾಟಿಗೆ ಹೋಗುತ್ತಿದ್ದ ಕಾಲದಲ್ಲಿ, ಹತ್ತನೆಯ ಇಯತ್ತೆ ಮುಗಿಸಿದ ಮಗಳನ್ನು ಆ ಅಂಗಡಿಗೆ ಕರೆತಂದು, "ಗದ್ದಿ ಕೆಸರು ಇಕಿ ಕಾಲಿಗೆ ಬ್ಯಾಡ್ರಿ ಮಾಸ್ತರ, ಒಂದು ಕೆಲಸ ಕಲಸ್ರಿ" ಎಂದಿದ್ದಳು. ಹೆಣ್ಣುಮಗಳೊಬ್ಬಳು ಗಂಡಸರ ಪ್ಯಾಂಟು ಹೊಲಿಯುವುದನ್ನು ಕಂಡು ಮೊದಮೊದಲು ಕೆಲವರು ನಕ್ಕರು. ಜಿಲಾನಸಾಬ ನಗಲಿಲ್ಲ. ಪ್ಯಾಂಟಿನ ಕೆಳತುದಿಯ ಅಗಲಕ್ಕೆ ಮೋರಿ ಎನ್ನುತ್ತಾರೆ. ಮೊದಲ ಆರು ತಿಂಗಳು ಅವರು ಅವಳಿಗೆ ಕೊಟ್ಟದ್ದು ಬರೀ ಮೋರಿಯ ಮಡಿಕೆ ಹೊಲಿಯುವ ಕೆಲಸ.

"ಸೊಂಟ ತಪ್ಪಿದ್ರ ಬೆಲ್ಟ್ ಹಾಕ್ಕೊಂತಾರ," ಎನ್ನುತ್ತಿದ್ದರು ಅವರು. "ಬೂಟಿನ ಮ್ಯಾಲ ಪ್ಯಾಂಟು ತಪ್ಪಿ ಬಿದ್ರ ಏನೂ ಮಾಡಾಕ ಬರಂಗಿಲ್ಲ. ಮುಂದ ಬೂಟಿನ ದಾರದ ಮ್ಯಾಲ ಒಂದ ಒಂದು ಸಣ್ಣ ಮುರಿ, ಅಂದ್ರ ಮಡಿಕಿ, ಬೀಳಬೇಕು. ಹಿಂದ ಹಿಮ್ಮಡಿ ಮುಚ್ಚಬೇಕು, ನೆಲ ಮುಟ್ಟಬಾರದು."

ರೆಡಿಮೇಡ್ ಅಂಗಡಿಗಳು ಹೆಚ್ಚಾದಂತೆ ಹೊಲಿಗೆ ಕಡಿಮೆಯಾಯಿತು. ಸುರೇಖಾ ಗಂಗಾವತಿಯಲ್ಲಿ ಆರು ತಿಂಗಳು ಫೋಟೋ ಎಡಿಟಿಂಗ್ ಕಲಿತಳು. ಮಾಸ್ತರರ ಅಂಗಡಿಯ ಪಕ್ಕದ ಸಣ್ಣ ಕೋಣೆ ಖಾಲಿಯಾದಾಗ ಅಲ್ಲಿಯೇ ಒಂದು ಕಂಪ್ಯೂಟರ್, ಒಂದು ಪ್ರಿಂಟರ್, ನೀಲಿ ಪರದೆ ಇಟ್ಟು ಕುಳಿತಳು. ಪಾಸ್‌ಪೋರ್ಟ್ ಸೈಜಿನ ಫೋಟೋ, ನಾಮಕರಣದ ಬ್ಯಾನರ್, ಸತ್ತವರ ಹಳೆ ಫೋಟೋ ತಿದ್ದುವುದು, ಹೀಗೆ ಕೆಲಸ ನಡೆದಿತ್ತು. ಹೋದ ವರ್ಷ ಎಐ ಬಂದ ಮೇಲೆ, ದಿನವಿಡೀ ಹಿಡಿಯುತ್ತಿದ್ದ ತಿದ್ದುಪಡಿ ನಿಮಿಷಗಳಲ್ಲಿ ಆಗತೊಡಗಿತು. ಹರಿದ ಮೂಲೆ ತುಂಬುವುದು, ಶರ್ಟಿನ ಮೇಲೆ ಕೋಟು ತೊಡಿಸುವುದು ಅವಳಿಗೆ ರೂಢಿಯಾಯಿತು.

ಭತ್ತ ಕೊಯ್ಲು ಮುಗಿದು ಮಿಲ್ಲುಗಳ ಮುಂದೆ ಲಾರಿಗಳು ಸಾಲುಗಟ್ಟಿದ್ದ ಡಿಸೆಂಬರಿನ ಒಂದು ಬೆಳಿಗ್ಗೆ ವಾಣಿಶ್ರೀ ಬಂದಳು. ಕಿರಾಣಿ ವ್ಯಾಪಾರದ ಮನೆಯ ಸೊಸೆ, ಊರಿಗೆಲ್ಲ ಪರಿಚಿತಳು. ತಮ್ಮ ಪ್ರಭುರಾಜನನ್ನು ತಾಯಿ ಇಲ್ಲದ ಮೇಲೆ ಇವಳೇ ನೋಡಿಕೊಂಡವಳು. ಮೊಬೈಲಿನಲ್ಲಿ ಒಂದು ಫೋಟೋ ತೆಗೆದು ಸುರೇಖಾಳ ಮುಂದೆ ಹಿಡಿದಳು.

ಕೊಪ್ಪಳದ ಕ್ರೀಡಾಂಗಣ. ಅಂಗವಿಕಲರ ಜಿಲ್ಲಾ ಕ್ರೀಡಾಕೂಟದಲ್ಲಿ ಗುಂಡು ಎಸೆತಕ್ಕೆ ಸಿಕ್ಕ ಕಪ್ ಹಿಡಿದು ಪ್ರಭುರಾಜ ನಿಂತಿದ್ದ. ನೀಲಿ ಚಡ್ಡಿ, ಬಿಳಿ ಸ್ಪೋರ್ಟ್ಸ್ ಬೂಟು. ಬಾಯಿ ತುಂಬ ನಗು. ಎಡಗಾಲು ಮೊಣಕಾಲಿನ ಕೆಳಗೆ ಇರಲಿಲ್ಲ. ಮೊಣಕಾಲಿನ ಕೆಳಗೆ ಒಂದು ಗಟ್ಟಿ ಪ್ಲಾಸ್ಟಿಕ್ಕಿನ ಬಟ್ಟಲು, ಅದರ ಕೆಳಗೆ ಉಕ್ಕಿನ ಕೊಳವೆ, ಕೊನೆಗೆ ಬೂಟು ತೊಟ್ಟ ಕೃತಕ ಪಾದ. ಏಳು ವರ್ಷದ ಹಿಂದೆ ಕಾಲುವೆ ರಸ್ತೆಯಲ್ಲಿ ಭತ್ತದ ಟ್ರೇಲರ್ ಮಗುಚಿದಾಗ ಆದದ್ದು. ಈಗ ಅವನು ಒಂದು ತೂಕದ ಕಟ್ಟೆಯಲ್ಲಿ ಲಾರಿಗಳ ತೂಕ ನೋಡುವ ಕೆಲಸದಲ್ಲಿದ್ದ.

"ಇದಕ್ಕ ಫುಲ್ ಪ್ಯಾಂಟ್ ಹಾಕಿ ಕೊಡವಾ," ಎಂದಳು ವಾಣಿಶ್ರೀ. "ಕುಷ್ಟಗಿ ಕಡಿಂದ ಒಂದು ಸಂಬಂಧ ಬಂದೈತಿ. ಫೋಟೋ ಕಳಸ್ರಿ ಅಂದಾರ."

"ಅಕ್ಕಾರ, ಪ್ಯಾಂಟ್ ಹಾಕ್ಕೊಂಡ ಬರಾಕ ಹೇಳ್ರಿ. ಇಲ್ಲೇ ಹೊಸಾದು ತೆಗೀತೀನಿ."

"ಕ್ಯಾಮೆರಾ ಮುಂದ ನಿಂದ್ರಿಸಿದ್ರ ಅವನ ಮುಖ ಕಲ್ಲಾಗತೈತಿ. ಏಳು ವರ್ಷದಾಗ ಹಿಂಗ ನಕ್ಕಿದ್ದು ಇದೊಂದ ಫೋಟೋದಾಗ. ಈ ಮುಖಾನ ಬೇಕು ನನಗ." ಆಮೇಲೆ ದನಿ ತಗ್ಗಿಸಿ, "ಕಾಲಿನ ವಿಷಯ ಅವ್ರು ಬಂದ ಮ್ಯಾಲ ನಾನ ಹೇಳ್ತೀನಿ. ಮೊದಲ ಹುಡುಗನ್ನ ನೋಡ್ಲಿ. ಮೊದಲ ಕಾಲು ನೋಡಿದ್ರ ಮುಖದ ತನಕ ಯಾರೂ ಬರಂಗಿಲ್ಲ" ಎಂದಳು.

ಆ ಕೊನೆಯ ಮಾತು ಸುರೇಖಾಳಿಗೆ ನಾಟಿತು. ಒಪ್ಪಿಕೊಂಡಳು.

ಕೆಲಸ ಅಂದುಕೊಂಡಷ್ಟು ಸುಲಭವಿರಲಿಲ್ಲ. ಫೋಟೋದಲ್ಲಿ ಎಲ್ಲಿ ಬದಲಾಗಬೇಕೋ ಆ ಜಾಗವನ್ನು ಬ್ರಶ್ಶಿನಿಂದ ಬಳಿದು ಗುರುತು ಮಾಡಬೇಕು. ಬಳಿದ ಜಾಗದ ಒಳಗೆ ಮಾತ್ರ ಎಐ ಹೊಸದನ್ನು ಬಿಡಿಸುತ್ತದೆ. ಮೊದಲ ಸಲ ಅವಳು ಕಾಲಿನ ಅಂಚಿಗೆ ಸರಿಯಾಗಿ ಬಳಿದಳು. ಬಂದದ್ದು ಕಾಲಿಗೆ ಅಂಟಿಕೊಂಡ ಲೆಗ್ಗಿಂಗ್ಸ್! ಎಡಗಡೆಯಂತೂ ಕೊಳವೆಗೆ ಬಟ್ಟೆ ಸುತ್ತಿದ ಹಾಗೆ, ಛತ್ರಿಯ ಕೋಲಿನಂತೆ ಕಂಡಿತು. ಪ್ಯಾಂಟು ಕಾಲಿಗಿಂತ ಅಗಲ, ಅದಕ್ಕೆ ಬೀಳಲು ಜಾಗ ಬೇಕು ಎಂದು ಅವಳಿಗೆ ಹೊಳೆದು, ಎರಡೂ ಬದಿಗೆ ಹೊರಗಿನ ನೆಲದ ಮೇಲೂ ಬಳಿದಳು. ಈಗ ಅಗಲ ಬಂತು. ಆದರೆ ಚಡ್ಡಿಯನ್ನು ಬಿಟ್ಟು ಬಳಿದಿದ್ದರಿಂದ, ಅದು ಮುಗಿಯುವಲ್ಲಿ ಎರಡು ಬಟ್ಟೆ ಜೋಡಿಸಿದಂತೆ ಒಂದು ಗೆರೆ ಉಳಿಯಿತು. ಸೊಂಟದ ತನಕ ಚಡ್ಡಿಯನ್ನೂ ಸೇರಿಸಿ ಬಳಿದಳು.

ಮುಂದಿನ ತೊಡಕು ಬೂಟಿನದು. ಬೂಟನ್ನು ಮುಟ್ಟದೆ ಬಿಟ್ಟರೆ ಪ್ಯಾಂಟು ಬೂಟಿನ ಮೇಲಂಚಿಗೆ ಬಂದು ಕತ್ತರಿಸಿದಂತೆ ನಿಲ್ಲುತ್ತಿತ್ತು. ಬೂಟಿನ ಮೇಲ್ಭಾಗವನ್ನೂ ಬಳಿದರೆ ಎಐ ಬೂಟನ್ನೇ ಹೊಸದಾಗಿ ಬಿಡಿಸುತ್ತಿತ್ತು. ಒಂದರಲ್ಲಿ ದಾರ ಕರಗಿ ಬಟ್ಟೆಯೊಳಗೆ ಹೋಯಿತು. ಇನ್ನೊಂದರಲ್ಲಿ ಸ್ಪೋರ್ಟ್ಸ್ ಬೂಟು ಕರಿ ಚರ್ಮದ ಬೂಟಾಯಿತು. ಇಸ್ತ್ರಿ ಗೆರೆ ಒಂದರಲ್ಲಿ ತೊಡೆಯಿಂದ ಹೊರಟು ಮೊಣಕಾಲಿನಲ್ಲಿ ಮಾಯವಾದರೆ, ಮತ್ತೊಂದರಲ್ಲಿ ಒಂದೇ ಕಾಲಿಗೆ ಎರಡು ಗೆರೆ. ಹೊಲಿಗೆ ಗೊತ್ತಿಲ್ಲದವರಿಗೆ ಇವು ಕಾಣುವಂಥವಲ್ಲ. ಸುರೇಖಾಳಿಗೆ ಒಂದೊಂದೂ ಕಣ್ಣಿಗೆ ಚುಚ್ಚುತ್ತಿತ್ತು. ಇಸ್ತ್ರಿ ಗೆರೆ ಮೊಣಕಾಲಿನ ನಟ್ಟನಡುವೆ ಹಾಯ್ದು ಬೂಟಿನ ಮೂಗಿನ ಕಡೆಗೆ ಇಳಿಯಬೇಕು.

ಇಪ್ಪತ್ತಕ್ಕಿಂತ ಹೆಚ್ಚು ಸಲ ಮಾಡಿಸಿ, ಚೆನ್ನಾಗಿ ಬಂದ ಒಂದನ್ನು ಇಟ್ಟುಕೊಂಡಳು. ಮೂಲ ಫೋಟೋದ ಬೂಟುಗಳನ್ನು ಅದರ ಮೇಲೆ ಕೂರಿಸಿ, ಮೋರಿ ಬರುವಷ್ಟು ಮೇಲ್ಭಾಗವನ್ನು ಮಾತ್ರ ಅಳಿಸಿದಳು. ಬಟ್ಟೆಯ ಕೆಳಗೆ ದಾರದ ಮೇಲೆ ತೆಳುವಾದ ನೆರಳು ಹಚ್ಚಿದಳು. ಎಲ್ಲ ಮುಗಿಯಿತು ಎನ್ನುವಾಗ ನೆಲ ನೋಡಿ ಬೆಚ್ಚಿದಳು. ಸಂಜೆ ಬಿಸಿಲಿನ ನೆರಳು ಹಾಗೆಯೇ ಉಳಿದಿತ್ತು. ಮೇಲೆ ಪ್ಯಾಂಟು ತೊಟ್ಟ ಮನುಷ್ಯ, ನೆಲದ ಮೇಲೆ ಚಡ್ಡಿ ಮತ್ತು ಕೊಳವೆಯ ನೆರಳು. ಅದನ್ನೂ ಅಗಲ ಮಾಡಿದಳು.

ಸಂಜೆ ವಾಣಿಶ್ರೀ ಬಂದು ನೋಡಿದಳು. ಬೆರಳಿನಿಂದ ತೆರೆಯ ಮೇಲೆ ತಮ್ಮನ ಎಡಗಾಲನ್ನು ಸವರಿದಳು. ಕಣ್ಣು ತುಂಬಿದವು. "ಏಳು ವರ್ಷದ ಹಿಂದ ಹಿಂಗ ಇದ್ದ" ಎಂದಷ್ಟೇ ಹೇಳಿ, ಅಲ್ಲಿಂದಲೇ ಕುಷ್ಟಗಿಗೆ ಕಳಿಸಿದಳು.

ಮರುದಿನ ಚಹಾದ ಹೊತ್ತಿಗೆ ಸುರೇಖಾ ಆ ಫೋಟೋವನ್ನು ಹೆಮ್ಮೆಯಿಂದಲೇ ಜಿಲಾನಸಾಬರಿಗೆ ತೋರಿಸಿದಳು. ಅವರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು.

"ಬಲಗಾಲಿಂದು ಛಲೋ ಬಂದೈತಿ ಬೇಟಿ. ಮುರಿ ಸರಿ ಐತಿ, ಗೆರಿ ಸರಿ ಐತಿ. ಎಡಗಾಲಿಂದು ಪ್ರಭುರಾಜಂದಲ್ಲ."

"ಯಾಕ್ರಿ ಮಾಸ್ತರ?"

"ಅವನ ಪ್ಯಾಂಟು ಹೊಲಿಯಾವ ನಾನ. ಅಪಘಾತ ಆದಾಗಿಂದ ಎಲ್ಲಾ ನನ್ನ ಕಡೀನ ಹೊಲಿಸ್ಯಾನ. ಅವನ ಎಡಗಾಲಿನ ಪ್ಯಾಂಟು ಮೊಣಕಾಲಿನ ಕೆಳಗ ತುಂಬಿ ನಿಂದ್ರಂಗಿಲ್ಲ. ಒಳಗ ಮೀನಖಂಡ ಎಲ್ಲೈತಿ? ಬಟ್ಟಿ ಸಪಾಟ ಇಳೀತೈತಿ, ಗಾಳಿ ಬಂದ್ರ ಕೊಳವಿಗೆ ಹತ್ತಕೊಂತೈತಿ. ಪಾದ ಗಿಣ್ಣಿನಾಗ ಅಷ್ಟು ಮಡಚಂಗಿಲ್ಲ, ಉದ್ದ ಪ್ಯಾಂಟು ಹಿಮ್ಮಡಿಗೆ ಸಿಕ್ಕಿ ಎಡವತಾನ. ಅದಕ್ಕ ಆ ಕಡಿ ಅರ್ಧ ಇಂಚು ಗಿಡ್ಡ ಮಾಡ್ತೀನಿ. ಬಟ್ಟಲದ ಅಂಚಿಗೆ ತಿಕ್ಕಿ ಹರೀಬಾರದಂತ ಮೊಣಕಾಲ ಹತ್ರ ಒಳಗ ಅಸ್ತರ ಕೊಡ್ತೀನಿ." ಅವರು ಮೊಬೈಲು ಮರಳಿಸಿದರು. "ನಿನ್ನ ಮಷೀನಿಗೆ ಇದೆಲ್ಲ ಹೆಂಗ ಗೊತ್ತಾಗಬೇಕು? ಅದು ನೋಡಿದ ಪ್ಯಾಂಟುಗಳೊಳಗ ಎಲ್ಲಾ ಎರಡು ಕಾಲು ಇದ್ದವ."

ಸುರೇಖಾಳಿಗೆ ಚಹಾ ರುಚಿಸಲಿಲ್ಲ. ಬೂಟಿನ ದಾರ ಸರಿ ಇದೆಯೇ, ಗೆರೆ ಸರಿ ಇದೆಯೇ ಎಂದು ದಿನವಿಡೀ ನೋಡಿದ್ದವಳು, ಕಾಲು ಯಾರದು ಎಂದು ನೋಡಿರಲಿಲ್ಲ.

ಗುರುವಾರ ಮಧ್ಯಾಹ್ನ ಪ್ರಭುರಾಜನೇ ಬಂದ. ತೂಕದ ಕಟ್ಟೆಯ ಧೂಳು ಇನ್ನೂ ಅಂಗಿಯ ಮೇಲಿತ್ತು. ಎತ್ತರದ ಆಳು, ಮೆತ್ತಗಿನ ಮಾತು.

"ಅಕ್ಕ ನಂದೊಂದು ಹೊಸ ಫೋಟೋ ಮಾಡಿಸ್ಯಾಳಂತ. ರವಿವಾರ ಕುಷ್ಟಗಿಯವ್ರು ಬರತಾರ, ಈಗ ಹೇಳಿದ್ಲು. ತೋರಿಸ್ರಿ ಅಕ್ಕಾರ."

ಸುರೇಖಾ ಕಂಪ್ಯೂಟರಿನಲ್ಲಿ ದೊಡ್ಡದು ಮಾಡಿ ತೋರಿಸಿದಳು. ಅವನು ಬಗ್ಗಿ ನೋಡಿದ. ತನ್ನ ಮುಖ ಕಂಡು ಮೊದಲು ಒಂದಿಷ್ಟು ನಾಚಿಕೊಂಡ. ನಂತರ ಕೆಳಗೆ ಇಳಿದ ಕಣ್ಣು ಅಲ್ಲೇ ನಿಂತಿತು.

"ಇದು ಯಾರ ಕಾಲ್ರಿ?"

ಸುರೇಖಾ ಎದ್ದು ಕುರ್ಚಿಯನ್ನು ಅವನ ಕಡೆಗೆ ಸರಿಸಿದಳು. "ಯಾರದೂ ಅಲ್ರಿ. ಮಷೀನು ಮಾಡಿದ್ದು. ತಪ್ಪಾತು. ನಿಮ್ಮನ್ನ ಒಂದು ಮಾತು ಕೇಳಬೇಕಿತ್ತು."

ಅವನು ಕುರ್ಚಿಯ ಮೇಲೆ ಕುಳಿತು ಎಡಗಾಲು ಮುಂದೆ ಚಾಚಿದ. ಕೋಪ ಬಂದಂತೆ ಕಾಣಲಿಲ್ಲ. "ಪ್ಯಾಂಟ್ ಹಾಕಿದ್ದಕ್ಕ ನನ್ನ ತಕರಾರಿಲ್ಲ. ನಾನು ದಿನಾ ಪ್ಯಾಂಟ್ ಹಾಕ್ಕೊಂಡ ತಿರಗತೀನಿ. ಹೆಣ್ಣಿನ ಮನಿಗೆ ಚಡ್ಡಿ ಫೋಟೋ ಕಳಸಾಕ ನನಗೂ ನಾಚಿಕಿ. ಆದ್ರ ಇದರಾಗ ಇರಾವ ಬರತಾನಂತ ಅವ್ರು ಬಾಗಲಾ ನೋಡ್ತಾರ, ನಾನು ಒಳಗ ಬರತೀನಿ. ಅವರ ಮುಖ ಇಳಿಯೂದನ್ನ ನಾನು ನೋಡಬೇಕೇನ್ರಿ?"

"ಮತ್ತೊಂದು ಮಾಡೂಣ," ಎಂದಳು ಸುರೇಖಾ. "ನಿಮ್ಮ ಪ್ಯಾಂಟ್ ನಿಮ್ಮ ಮ್ಯಾಲ ಹೆಂಗ ಬೀಳತೈತಿ ಹಂಗ. ನಾಳೆ ಸಂಜಿ ನಾಕಕ್ಕ ಅವ ಬಿಳಿ ಬೂಟು ಹಾಕ್ಕೊಂಡ ಬರ್ರಿ. ಮುಖ ತೆಗ್ಯಂಗಿಲ್ಲ, ಕಾಲಷ್ಟ ತೆಗೀತೀನಿ."

ಮುಖ ತೆಗೆಯುವುದಿಲ್ಲ ಎಂದದ್ದಕ್ಕೆ ಅವನು ನಕ್ಕುಬಿಟ್ಟ.

ಶುಕ್ರವಾರ ನಾಲ್ಕು ಗಂಟೆಗೆ ಓಣಿಯಲ್ಲಿ ಕ್ರೀಡಾಂಗಣದ ಫೋಟೋದಂತೆಯೇ ಎಡಗಡೆಯಿಂದ ಬಿಸಿಲು ಬೀಳುತ್ತಿತ್ತು. ಜಿಲಾನಸಾಬರು ಅಂಗಡಿಯಿಂದ ಹೊರಬಂದು, ಪ್ರಭುರಾಜನ ಎರಡೂ ಪಾದಗಳು ಫೋಟೋದಲ್ಲಿದ್ದ ಹಾಗೆ ತಿರುಗುವಂತೆ ನಿಲ್ಲಿಸಿದರು. ಅಭ್ಯಾಸಬಲದಿಂದ ಬಗ್ಗಿ ಮೋರಿ ಎಳೆದು ಸರಿಮಾಡಲು ಹೋದವರು ತಾವೇ ಕೈ ಹಿಂದೆಗೆದರು. "ಹಂಗ ಇರ್ಲಿ ಬಿಡು, ತಾನಾಗಿ ಬಿದ್ದದ್ದು ಬರಲಿ." ಸುರೇಖಾ ನೆಲದ ಮಟ್ಟಕ್ಕೆ ಸ್ವಲ್ಪ ಬಗ್ಗಿ, ಮೂಲ ಫೋಟೋದ ಎತ್ತರದಿಂದಲೇ ಹನ್ನೆರಡು ಫೋಟೋ ತೆಗೆದಳು.

ಅವುಗಳಲ್ಲಿ ಒಂದನ್ನು ಮಾದರಿಯಾಗಿ ಕೊಟ್ಟು ಎಐಗೆ ಮತ್ತೆ ಕೆಲಸ ಹಚ್ಚಿದಳು. ಬಣ್ಣ, ಬಟ್ಟೆ ಎಲ್ಲ ಸರಿಯಾಗಿ ಬಂದವು. ಎಡಗಾಲು ಮಾತ್ರ ಮತ್ತೆ ತುಂಬಿಕೊಂಡಿತು. ಸಪಾಟಾಗಿ ಇಳಿಯಬೇಕಾದ ಬಟ್ಟೆಯೊಳಗೆ ಅದು ಮೀನಖಂಡ ಇಟ್ಟಿತು. ಅರ್ಧ ಇಂಚು ಗಿಡ್ಡವಿದ್ದದ್ದನ್ನು ಬಲಗಾಲಿಗೆ ಸಮ ಮಾಡಿತು. ಎಡಗಾಲು ಸಡಿಲ, ಗಿಡ್ಡ ಎಂದು ಬರೆದು ಹೇಳಿದರೂ ಎರಡೂ ಕಾಲು ಸಡಿಲವಾಗಿ ಗಿಡ್ಡವಾದವು. ಎಷ್ಟು ಸಲ ಮಾಡಿಸಿದರೂ ಅದಕ್ಕೆ ಎರಡು ಕಾಲು ಬೇರೆಬೇರೆ ಇರುವುದು ಒಪ್ಪಿಗೆಯಾಗಲಿಲ್ಲ.

ಸುರೇಖಾ ಕೊನೆಗೆ ಸೊಂಟದಿಂದ ಎಡ ಮೊಣಕಾಲಿನ ತನಕ, ಮತ್ತು ಇಡೀ ಬಲಗಾಲನ್ನು ಎಐ ಮಾಡಿದ್ದರಲ್ಲೇ ಇಟ್ಟುಕೊಂಡಳು. ಎಡ ಮೊಣಕಾಲಿನ ಕೆಳಗಿನದನ್ನು ಓಣಿಯಲ್ಲಿ ತೆಗೆದ ಫೋಟೋದಿಂದ ಕತ್ತರಿಸಿ ತಂದು ಕೂಡಿಸಿದಳು. ಎರಡೂ ಸೇರುವ ಕಡೆ ಬೆರಳಗಲದ ಜಾಗವನ್ನಷ್ಟೇ ಬಳಿದು ಎಐಯಿಂದ ಬೆಸೆಯಿಸಿದಳು. ಬಣ್ಣ ಹೊಂದಿಸಲು ಒಂದು ತಾಸು ಹಿಡಿಯಿತು. ಮುಗಿದಾಗ ಬಲಗಾಲಿನ ಮೋರಿ ಬೂಟಿನ ದಾರದ ಮೇಲೆ ಒಂದು ಸಣ್ಣ ಮುರಿ ಬಿದ್ದು ಕುಳಿತಿತ್ತು. ಎಡಗಾಲಿನದು ಮುರಿಯಿಲ್ಲದೆ ನೇರ ಇಳಿದು, ದಾರವನ್ನು ಮುಟ್ಟಿಯೂ ಮುಟ್ಟದಂತೆ ನಿಂತಿತ್ತು. ಮೊಣಕಾಲಿನ ಕೆಳಗೆ ಬಟ್ಟೆ ಒಳಕ್ಕೆ ಸರಿದ ಒಂದು ತಗ್ಗು.

ಪ್ರಭುರಾಜ ನೋಡಿ, "ಹಾಂ, ಇದು ನಾನು" ಎಂದ. ಅಂದೇ ಅದನ್ನು ಕುಷ್ಟಗಿಗೆ ಕಳಿಸಿ, ತಾನೇ ಫೋನು ಮಾಡಿ ಕಾಲಿನ ವಿಷಯ ಹೇಳಿದ. ಅವರು ಮರ್ಯಾದೆಯಿಂದಲೇ ಮಾತಾಡಿದರು. ರವಿವಾರ ಬರಲಿಲ್ಲ.

ಸೋಮವಾರ ವಾಣಿಶ್ರೀ ಸ್ಟುಡಿಯೋದ ಬಾಗಿಲಲ್ಲಿ ನಿಂತು, ಒಳಗೆ ಗಿರಾಕಿಗಳಿದ್ದರೂ ನೋಡದೆ ಅಂದಳು: "ಹತ್ತಿದ ಸಂಬಂಧ ಕೆಡಿಸಿದಿ ನೀನು. ಅವ್ರು ಮನಿಗೆ ಬಂದಿದ್ರ, ಅವನ ಗುಣ ನೋಡಿದ್ರ ಒಪ್ಪತಿದ್ರು. ನಿನಗೇನು ಬೇಕಾಗಿತ್ತು ಎರಡನೇ ಫೋಟೋ?"

ವಾಣಿಶ್ರೀಯ ಮಾತಿನಲ್ಲಿ ನಿಜವೇ ಇಲ್ಲವೆಂದು ಸುರೇಖಾಳಿಗೆ ಅನ್ನಿಸಲಿಲ್ಲ. ಒಪ್ಪುತ್ತಿದ್ದರೇನೋ. ಸಂಜೆ ಜಿಲಾನಸಾಬರ ಮುಂದೆ ಬಾಯಿಬಿಟ್ಟು ಅಂದಳು: "ಮೊದಲನೇದ ಬಿಟ್ಟಿದ್ರ ಛಲೋ ಆಗತಿತ್ತೇನ್ರಿ ಮಾಸ್ತರ?"

"ಅದು ನನಗ ಗೊತ್ತಿಲ್ಲ ಬೇಟಿ," ಎಂದರು ಅವರು. "ಅವ ಆ ದಿನ ನಿನ್ನ ಅಂಗಡಿಯಿಂದ ಹೋಗೂವಾಗ ನೆಟ್ಟಗ ನಡದ ಹೋದ. ಅಷ್ಟು ನೋಡೀನಿ."

ಎರಡು ತಿಂಗಳು ಹಾಗೇ ಕಳೆದವು. ವಾಣಿಶ್ರೀ ಓಣಿಯಲ್ಲಿ ಎದುರಾದರೂ ಮುಖ ತಿರುಗಿಸಿ ಹೋಗುತ್ತಿದ್ದಳು. ಪ್ರಭುರಾಜ ಆ ಎರಡನೆಯ ಫೋಟೋವನ್ನು ತನ್ನ ಮೊಬೈಲಿಗೆ ಹಾಕಿಕೊಂಡಿದ್ದ. ಅದು ಒಬ್ಬರಿಂದ ಒಬ್ಬರಿಗೆ ಹೋಗುತ್ತ ಯಲಬುರ್ಗಾದ ಒಂದು ಮನೆಗೆ ತಲುಪಿತು. ಜೊತೆಗೆ ವಿವರ ಬರೆದ ಹಾಳೆ ಇರಲಿಲ್ಲ, ಬರೀ ಫೋಟೋ. ಆ ಮನೆಯ ಮಗಳು ಸುಕನ್ಯಾ ಕೊಪ್ಪಳದ ಒಂದು ಆಸ್ಪತ್ರೆಯ ಎಲುಬಿನ ವಾರ್ಡಿನಲ್ಲಿ ನರ್ಸು. ಅಣ್ಣ ಮೊಬೈಲು ತೋರಿಸಿದಾಗ ಅವಳು ಕೈಯಲ್ಲಿದ್ದ ಕಪ್, ನಗು ಎಲ್ಲ ನೋಡಿ, ಕೆಳಗೆ ಬಂದು ಹಿಗ್ಗಿಸಿ ನೋಡಿದಳಂತೆ. ಆಮೇಲೆ ಪ್ರಭುರಾಜನ ನಂಬರು ತೆಗೆದುಕೊಂಡು ತಾನೇ ಫೋನು ಮಾಡಿದಳು. ಆ ಮಾತುಕತೆಯನ್ನು ಅವನು ಓಡೋಡಿ ಬಂದಂತೆ ಬಂದು ಸುರೇಖಾಳಿಗೆ ಹೇಳಿದ.

"ಹೆಸರು ಹೇಳಿದ್ಲು, ಆಮೇಲೆ ಮೊದಲನೇ ಮಾತು ಏನು ಗೊತ್ತೇನ್ರಿ ಅಕ್ಕಾರ? 'ಎಡಗಾಲು ಮೊಣಕಾಲ ಕೆಳಗೋ, ಮ್ಯಾಲೋ?' ನಾನು ಗಾಬರಿಯಾಗಿ, ಯಾರ ಹೇಳಿದ್ರಿ ಅಂದೆ. 'ಯಾರ ಹೇಳಬೇಕ್ರಿ, ಪ್ಯಾಂಟ್ ಬಿದ್ದದ್ದು ನೋಡಿದ್ರ ಗೊತ್ತಾಗತೈತಿ. ವಾರ್ಡಿನಾಗ ದಿನಾ ನೋಡ್ತೀನಿ. ಕೆಳಗೇ ಇರಬೇಕು, ಮೊಣಕಾಲು ಛಲೋ ನಿಂತೈತಿ' ಅಂದ್ಲು."

"ಮತ್ತ ನೀವು?"

"ಕೆಳಗ ಅಂದೆ. ಗುಂಡು ಎಷ್ಟು ದೂರ ಒಗದ್ರಿ ಅಂತ ಕೇಳಿದ್ಲು. ಅರ್ಧ ತಾಸು ಮಾತಾಡಿದ್ವಿ. ಕಾಲಿನ ಮಾತು ಮತ್ತ ಬರಲೇ ಇಲ್ಲ."

ಸುಕನ್ಯಾಳ ತಂದೆ ತಕ್ಷಣ ಒಪ್ಪಲಿಲ್ಲ. ಮಗಳು ಹಟ ಹಿಡಿಯಲೂ ಇಲ್ಲ. "ಒಂದ ಸಲ ಹೋಗಿ ನೋಡಿ ಬರ್ರಿ, ಆಮೇಲೆ ನಿಮ್ಮಿಷ್ಟ" ಎಂದಳು. ಅವರು ಹೇಳದೆ ಕೇಳದೆ ಕಾರಟಗಿಗೆ ಬಂದು, ತೂಕದ ಕಟ್ಟೆಯ ಎದುರಿನ ಚಹಾದಂಗಡಿಯಲ್ಲಿ ಕುಳಿತು, ಪ್ರಭುರಾಜ ಒಂದು ತಾಸಿನಲ್ಲಿ ಹನ್ನೊಂದು ಲಾರಿ ತೂಗಿ, ಮೆಟ್ಟಿಲು ಹತ್ತಿ ಇಳಿದು, ಜಗಳಕ್ಕೆ ನಿಂತ ಇಬ್ಬರು ಡ್ರೈವರುಗಳನ್ನು ಸಮಾಧಾನ ಮಾಡಿದ್ದನ್ನು ನೋಡಿದರು. ನಂತರ ಎದ್ದು ಹೋಗಿ ತಮ್ಮ ಪರಿಚಯ ಹೇಳಿಕೊಂಡರು. ಪ್ರಭುರಾಜ ಅವರನ್ನು ಮನೆಗೆ ಕರೆದೊಯ್ದ. ವಾಣಿಶ್ರೀಗೆ ಅಡುಗೆ ಮಾಡಲು ಕೈಕಾಲೇ ಆಡಲಿಲ್ಲವಂತೆ.

ನಿಶ್ಚಯ ಯಲಬುರ್ಗಾದಲ್ಲಿ ಆಯಿತು. ಪ್ರಭುರಾಜ ಕರೆದಿದ್ದರಿಂದ ಸುರೇಖಾ ಕ್ಯಾಮೆರಾ ಹೊತ್ತು ಹೋದಳು, ಜಿಲಾನಸಾಬರೂ ಬಂದಿದ್ದರು. ಅಡುಗೆಮನೆಯ ಪಕ್ಕ ಸುಕನ್ಯಾ ಸುರೇಖಾಳನ್ನು ಹಿಡಿದು ನಿಲ್ಲಿಸಿದಳು.

"ಆ ಪ್ಯಾಂಟ್ ಫೋಟೋ ನೀವ ಮಾಡಿದ್ದಂತ. ಮೂಲದ್ದು ಬ್ಯಾರೆ ಐತಂತಲ್ಲ, ಚಡ್ಡಿದು?"

"ಐತಿ," ಎಂದಳು ಸುರೇಖಾ, ಅಳುಕುತ್ತ.

"ನನಗ ಅದರದೊಂದು ಪ್ರಿಂಟ್ ಬೇಕ್ರಿ. ಆ ಬಟ್ಟಲ ಯಾರ ಕೂಡಿಸ್ಯಾರೋ, ಅವ್ರ ನಡಿಗಿ ನೋಡಿದ್ರ ಒಂಚೂರು ಎತ್ತರ ತಪ್ಪಿದಂಗ ಕಾಣತೈತಿ. ನಮ್ಮ ಡಾಕ್ಟರಿಗೆ ತೋರಿಸಬೇಕು."

ಸುರೇಖಾ ಜೋರಾಗಿ ನಕ್ಕುಬಿಟ್ಟಳು. ತಾನು ಅಷ್ಟು ದಿನ ಮುಚ್ಚಲು ಹೆಣಗಿದ್ದನ್ನು ಈ ಹುಡುಗಿ ಹೀಗೆ ಕೆಲಸದ ಮಾತಿನಂತೆ ಕೇಳಿದ್ದು ಅವಳಿಗೆ ಬಹಳ ಹಿಡಿಸಿತು.

ಊಟಕ್ಕೆ ಕುಳಿತಾಗ ವಾಣಿಶ್ರೀ ಬಡಿಸುತ್ತ ಬಂದು ಸುರೇಖಾಳ ಎಲೆಯ ಮುಂದೆ ನಿಂತಳು. ಅಷ್ಟು ತಿಂಗಳ ಮೇಲೆ ಮೊದಲ ಸಲ ಮಾತಾಡಿಸಿದಳು. "ಹೋಳಿಗಿ ಇನ್ನೊಂದು ಹಾಕ್ಲಿ?" ಎಂದು ಕೇಳಿ, ಉತ್ತರಕ್ಕೆ ಕಾಯದೆ ಎರಡು ಹಾಕಿ, ಮೇಲೆ ತುಪ್ಪ ಸುರಿದಳು. ಹೋಗುವ ಮುಂದೆ ಬಗ್ಗಿ, "ಮದುವಿ ಮೇ ತಿಂಗಳ ಎರಡನೇ ವಾರ ಅಂತ ಆಗೇತಿ. ಬ್ಯಾರೆ ಯಾರ ಕೆಲಸಾನೂ ಆ ವಾರ ಹಿಡೀಬ್ಯಾಡ" ಎಂದಳು.

"ಹಿಡ್ಯಂಗಿಲ್ರಿ ಅಕ್ಕಾರ," ಎಂದಳು ಸುರೇಖಾ. ಪಕ್ಕದ ಸಾಲಿನಲ್ಲಿ ಜಿಲಾನಸಾಬರು ಆಗಲೇ ಹುಡುಗಿಯ ಅಣ್ಣನಿಗೆ, ಮದುವೆಯ ಸೂಟಿಗೆ ಯಾವ ಬಟ್ಟೆ ತರಬೇಕು, ಎಷ್ಟು ಮೀಟರು ಬೇಕು ಎಂದು ವಿವರಿಸುತ್ತಿದ್ದರು.